ಗ್ಯಾಸ್ ಆಫ್ ಮಾಡಿದೆನಾ? ಗೀಳಿನ ಪ್ರಶ್ನೆಗೆ ಉತ್ತರ ಕೊಡದಿರುವ ಚಿಕಿತ್ಸೆ

ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಯಾವ ಕಾಯಿಲೆಯೂ ಇಲ್ಲದ ಕಾಲೇಜು ವಿದ್ಯಾರ್ಥಿಗಳು ಮೌಸ್ ಹಿಡಿದು ಅದರ ಉರಿ ಹಚ್ಚಬೇಕು, ಆರಿಸಬೇಕು, ಆಮೇಲೆ ಆರಿದೆಯೇ ಎಂದು ನೋಡಬೇಕು. ಒಂದು ಗುಂಪು ಇದನ್ನೇ ಮತ್ತೆ ಮತ್ತೆ ಮಾಡಿತು. ಇನ್ನೊಂದು ಗುಂಪು ನಡುವೆ ಒಲೆಯನ್ನು ಬಿಟ್ಟು ವಿದ್ಯುತ್ ದೀಪಗಳನ್ನು ಅದೇ ರೀತಿ ಪರೀಕ್ಷಿಸಿತು. ಕಡೆಗೆ ಎಲ್ಲರೂ ಇನ್ನೊಮ್ಮೆ ಒಲೆಯನ್ನು ನೋಡಿದ ಮೇಲೆ, ಈಗ ಯಾವ ಯಾವ ಉರಿಗಳನ್ನು ಪರೀಕ್ಷಿಸಿದಿರಿ ಎಂದು ಕೇಳಲಾಯಿತು. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಸರಿಯಾಗಿ ಹೇಳಿದರು. ಆದರೆ ಒಲೆಯನ್ನೇ ಪದೇ ಪದೇ ನೋಡಿದವರಿಗೆ ಆ ನೆನಪು ಮಸುಕಾಗಿತ್ತು, ತಾವು ಹೇಳಿದ್ದು ಸರಿ ಎಂಬ ಧೈರ್ಯ ಕುಗ್ಗಿತ್ತು. ನೆನಪು ಕೆಟ್ಟಿರಲಿಲ್ಲ, ನೆನಪಿನ ಮೇಲಿದ್ದ ನಂಬಿಕೆ ಮಾತ್ರ ಕೆಟ್ಟಿತ್ತು.

ಮತ್ತೆ ಮತ್ತೆ ನೋಡುವುದರಿಂದ ಅನುಮಾನ ತೀರುವುದಿಲ್ಲ, ಬೆಳೆಯುತ್ತದೆ. ಗೀಳು ಕಾಯಿಲೆ, ಅಂದರೆ ಒಸಿಡಿ ಇರುವ ವ್ಯಕ್ತಿ ಸಿಕ್ಕಿಬೀಳುವುದು ಇಲ್ಲಿಯೇ. ಈ ಕಾಯಿಲೆಗೆ ಇಂದು ಇರುವ ಅತ್ಯಂತ ಭರವಸೆಯ ಮಾತಿನ ಚಿಕಿತ್ಸೆಯ ಹೆಸರು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇಆರ್‌ಪಿ. ಭಯ ಹುಟ್ಟಿಸುವ ಸಂದರ್ಭಕ್ಕೆ ಬೇಕೆಂದೇ ಎದುರಾಗುವುದು ಅದರ ಒಂದು ಅರ್ಧ. ಎದುರಾದ ಮೇಲೆ, ಮನಸ್ಸು ಮಾಡು ಮಾಡು ಎಂದು ಒತ್ತಾಯಿಸುವ ಕ್ರಿಯೆಯನ್ನು ಮಾಡದೆ ಇರುವುದು ಇನ್ನೊಂದು ಅರ್ಧ. ಮಾತಿನ ಚಿಕಿತ್ಸೆ ಎಂದು ಕರೆದರೂ ಇದರಲ್ಲಿ ಮಾತು ಕಡಿಮೆ, ಕೆಲಸ ಹೆಚ್ಚು.

ಕೈ ತೊಳೆಯುವ ಗೀಳಿನ ಬಗ್ಗೆ ಎಲ್ಲರೂ ಕೇಳಿದ್ದಾರೆ. ಪರೀಕ್ಷಿಸಿ ನೋಡುವ ಗೀಳು ಅಷ್ಟಾಗಿ ಹೊರಗೆ ಕಾಣುವುದಿಲ್ಲ, 'ಅವರು ತುಂಬಾ ಜಾಗರೂಕತೆಯ ಮನುಷ್ಯ' ಎಂಬ ಹೊಗಳಿಕೆಯ ಮರೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಹಾಗಾಗಿ ಅದನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಮುಂದೆ ಬರುವ ಶಿಕ್ಷಕಿ ಯಾರೋ ಒಬ್ಬರಲ್ಲ. ಇಂಥ ಗೀಳಿನಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನೆಲ್ಲ ಸೇರಿಸಿ, ಚಿಕಿತ್ಸೆಯ ಹೆಜ್ಜೆಗಳು ಕಣ್ಣಿಗೆ ಕಟ್ಟಲಿ ಎಂದು ರೂಪಿಸಿದ ಉದಾಹರಣೆ.

ಆಕೆಗೆ ಮೂವತ್ತೆಂಟು ವರ್ಷ. ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಗಂಡ, ಅತ್ತೆ, ಓದುವ ಮಗ. ಬೆಳಿಗ್ಗೆ ಎಂಟೂಕಾಲಿಗೆ ಮನೆ ಬಿಡಬೇಕಾದರೆ ಏಳೂವರೆಗೇ ಸಿದ್ಧವಾಗಿರಬೇಕು, ಯಾಕೆಂದರೆ ಮುಕ್ಕಾಲು ಗಂಟೆ ಅಡುಗೆಮನೆಗೇ ಬೇಕು. ಒಲೆಯ ನಾಬ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಸಿಲಿಂಡರ್ ಹತ್ತಿರ ಬಗ್ಗಿ ರೆಗ್ಯುಲೇಟರ್ ಹಿಡಿದು ನೋಡುತ್ತಾರೆ, ನಾಲ್ಕು ಸಲ. ಲೆಕ್ಕ ತಪ್ಪಿದರೆ ಮೊದಲಿನಿಂದ. ಮೂಗು ಹತ್ತಿರ ಇಟ್ಟು ವಾಸನೆ ಬರುತ್ತಿದೆಯೇ ಎಂದು ನೋಡುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಬಸ್‌ಸ್ಟಾಪಿನಲ್ಲಿ ಫೋಟೋ ತೆರೆದು ದೊಡ್ಡದು ಮಾಡಿ ನೋಡುವಾಗ, ಇದು ಇವತ್ತಿನದಾ, ನಿನ್ನೆಯದಾ ಎಂಬ ಹೊಸ ಅನುಮಾನ. ಆಗ ಗಂಡನಿಗೆ ಫೋನು: "ರೀ, ನಾನು ಗ್ಯಾಸ್ ಆಫ್ ಮಾಡಿದ್ದು ನೀವು ನೋಡಿದ್ರಿ ತಾನೇ?" ಅವರು "ಮಾಡಿದೀಯ ಮಾರಾಯ್ತಿ, ಹೋಗು" ಅನ್ನುತ್ತಾರೆ. ಆ ಮಾತಿನ ನೆಮ್ಮದಿ ಮೊದಲ ಪೀರಿಯಡ್ಡಿನವರೆಗೂ ಬಾಳುವುದಿಲ್ಲ. ಅತ್ತೆ ಮನೆಯಲ್ಲಿಯೇ ಇರುವ ದಿನ ಇಷ್ಟೆಲ್ಲ ಆಗುವುದಿಲ್ಲ. ಬಾಗಿಲು ಹಾಕಿ ಕಡೆಯವರಾಗಿ ಹೊರಡುವ ದಿನವೇ ಕಷ್ಟ.

ಈ ಕೊನೆಯ ಸಂಗತಿ ಚಿಕಿತ್ಸಕರ ಕಿವಿ ನೆಟ್ಟಗಾಗಿಸುತ್ತದೆ. ಅತ್ತೆ ಇದ್ದರೂ ಇಲ್ಲದಿದ್ದರೂ ಗ್ಯಾಸ್ ಒಂದೇ, ಸೋರುವ ಸಂಭವವೂ ಒಂದೇ. ಬದಲಾಗುವುದು ಹೊಣೆ. ಏನಾದರೂ ಆದರೆ ಅದಕ್ಕೆ ನಾನೇ ಕಾರಣ, ನನ್ನ ಅಜಾಗರೂಕತೆಯಿಂದ ಪಕ್ಕದ ಮನೆಯ ಮಕ್ಕಳೂ ಸಾಯುತ್ತಾರೆ ಎಂಬ ಭಾರವೇ ಈ ಬಗೆಯ ಗೀಳಿನ ಬೇರು ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಸಾಲ್ಕೋವ್‌ಸ್ಕಿಸ್ 1985ರಲ್ಲಿಯೇ ವಾದಿಸಿದ್ದರು. ಗ್ಯಾಸ್ ಹಾಗೆಯೇ ಬಿಟ್ಟೆನೇನೋ ಎಂಬ ಯೋಚನೆ ಮಾತ್ರ ಕಾಯಿಲೆಯ ಗುರುತಲ್ಲ. ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವಾ 1978ರಲ್ಲಿ ಸಾಮಾನ್ಯ ಜನರನ್ನು ಕೇಳಿ ನೋಡಿದಾಗ, ಕರೆಯದೆ ಬರುವ ಇಂಥ ವಿಚಿತ್ರ ಯೋಚನೆಗಳು ಬಹುಪಾಲು ಜನರಿಗೆ ಬರುತ್ತವೆ ಎಂದು ಕಂಡಿತ್ತು. ಉಳಿದವರು ಅದನ್ನು ಹಾಗೇ ದಾಟಿ ಹೋಗುತ್ತಾರೆ. ಗೀಳು ಇರುವವರು ಅದಕ್ಕೆ ಉತ್ತರ ಕೊಡಲು ನಿಲ್ಲುತ್ತಾರೆ. ಉತ್ತರ ಸಿಕ್ಕ ಕೂಡಲೇ ಎದೆ ಹಗುರಾಗುತ್ತದೆ. ನೋಡಿದ್ದರಿಂದಲೇ ಅನಾಹುತ ತಪ್ಪಿತು ಎಂದು ಮನಸ್ಸು ಕಲಿಯುತ್ತದೆ, ಮುಂದಿನ ಸಲ ನೋಡದೆ ಇರುವುದು ಇನ್ನಷ್ಟು ಕಷ್ಟವಾಗುತ್ತದೆ. ತುರಿಕೆ ಇರುವ ಜಾಗವನ್ನು ಕೆರೆದಂತೆ ಇದು: ಕೆರೆಯುವಾಗ ಹಿತ, ಆಮೇಲೆ ಗಾಯ.

ಈ ಸುತ್ತನ್ನು ಮುರಿಯುವ ದಾರಿ ಮೊದಲು ಸ್ಪಷ್ಟವಾಗಿ ಕಂಡದ್ದು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ. ಅಲ್ಲಿಯ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. ಆ ಕಾಲಕ್ಕೆ ಗೀಳು ಕಾಯಿಲೆ ವಾಸಿಯಾಗದ್ದು ಎಂದೇ ಬಹಳ ಮಂದಿ ವೈದ್ಯರ ನಂಬಿಕೆಯಾಗಿತ್ತು. ಮೇಯರ್ ತಮ್ಮ ರೋಗಿಗಳನ್ನು ವಾರ್ಡಿನಲ್ಲಿ ಇರಿಸಿಕೊಂಡು, ಅವರು ಅಂಜುವ ವಸ್ತುಗಳನ್ನೇ ಮುಟ್ಟಿಸಿದರು, ತೊಳೆಯುವುದನ್ನು ತಡೆಯಲು ನರ್ಸ್‌ಗಳನ್ನು ಜೊತೆಗಿಟ್ಟರು, ಕೋಣೆಯ ನಲ್ಲಿಯ ನೀರನ್ನೂ ನಿಲ್ಲಿಸಿದರು. ಇಬ್ಬರೂ ಗಣನೀಯವಾಗಿ ಸುಧಾರಿಸಿದರು. ಇವತ್ತು ಹಾಗೆ ನೀರು ನಿಲ್ಲಿಸುವ ಪದ್ಧತಿ ಇಲ್ಲ. ತಡೆಯುವ ಕೆಲಸವನ್ನು ರೋಗಿಯೇ ಒಪ್ಪಿಕೊಂಡು ಮಾಡಬೇಕು, ಯಾರೂ ಕೈ ಹಿಡಿದು ಎಳೆಯುವಂತಿಲ್ಲ. ಮೂಲ ವಿಚಾರ ಮಾತ್ರ ಅಂದಿನದೇ.

ಶಿಕ್ಷಕಿಯ ವಿಷಯಕ್ಕೆ ಬರೋಣ. ಮೊದಲ ಎರಡು ಮೂರು ಭೇಟಿಗಳಲ್ಲಿ ಭಯವನ್ನು ಎದುರಿಸುವ ಕೆಲಸವೇ ಇರುವುದಿಲ್ಲ. ಚಿಕಿತ್ಸಕಿ ಒಂದು ವಾರದ ಲೆಕ್ಕ ಬರೆದು ತರಲು ಹೇಳುತ್ತಾರೆ: ಯಾವ ಹೊತ್ತಿಗೆ, ಏನು ನೋಡಿದಾಗ ಅನುಮಾನ ಬಂತು, ಏನು ಮಾಡಿದಿರಿ, ಎಷ್ಟು ನಿಮಿಷ ಹೋಯಿತು. ಏಲ್-ಬ್ರೌನ್ ಮಾಪಕ ಎಂಬ ಪ್ರಶ್ನಾವಳಿಯಲ್ಲಿ ಕಾಯಿಲೆಯ ತೀವ್ರತೆಯನ್ನು 40ಕ್ಕೆ ಅಳೆಯುತ್ತಾರೆ. ಈಕೆಯದು 26, ತೀವ್ರ ಎನ್ನುವ ಮಟ್ಟ. ಲೆಕ್ಕ ಬರೆಯುವಾಗ ಆಕೆಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಹೊರಬೀಳುತ್ತವೆ. ಗಂಡನ ಮುಖ ನೋಡುತ್ತಾ "ಗ್ಯಾಸ್ ಆಫ್ ಮಾಡ್ತಾ ಇದೀನಿ" ಎಂದು ಗಟ್ಟಿಯಾಗಿ ಹೇಳಿ ಆಫ್ ಮಾಡುವುದು ಸಾಕ್ಷಿಗಾಗಿ. ಭಾನುವಾರ ಹೊರಗೆ ಊಟಕ್ಕೆ ಹೋಗುವ ದಿನ ಒಲೆ ಹಚ್ಚದೆ ಅವಲಕ್ಕಿಯಲ್ಲೇ ಮುಗಿಸುವುದು ತಪ್ಪಿಸಿಕೊಳ್ಳುವುದಕ್ಕಾಗಿ. ಇವೆಲ್ಲ ಪಟ್ಟಿಗೆ ಸೇರಬೇಕು. ಒಂದು ಕಿಂಡಿ ಮುಚ್ಚದೆ ಉಳಿದರೂ ಗೀಳು ಅದರಲ್ಲೇ ಒಳಗೆ ಬರುತ್ತದೆ.

ಆಮೇಲೆ ಏಣಿ. ಯಾವ ಸಂದರ್ಭ ಎಷ್ಟು ಆತಂಕ ತರುತ್ತದೆ ಎಂದು ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಬರೆದುಕೊಳ್ಳುವುದು. ಅತ್ತೆ ಮನೆಯಲ್ಲಿರುವಾಗ ನಾಬ್ ಒಮ್ಮೆ ಮಾತ್ರ ತಿರುಗಿಸಿ ಹೊರಡುವುದಕ್ಕೆ ಈಕೆ ಕೊಟ್ಟದ್ದು 35. ಫೋಟೋ ತೆಗೆಯದೆ ಹೊರಡುವುದಕ್ಕೆ 50. ಕಡೆಯವರಾಗಿ ಬೀಗ ಹಾಕಿ, ಹಿಂದೆ ಬಾರದೆ ಸ್ಕೂಲಿಗೆ ಹೋಗುವುದಕ್ಕೆ 75. ಹಾಲು ಕಾಯಿಸಿದ ಕೂಡಲೇ ಒಲೆ ಆರಿಸಿ, ಆ ಬಿಸಿ ಇನ್ನೂ ಇರುವಾಗಲೇ ಹೊರಟುಬಿಡುವುದಕ್ಕೆ 85. ಮನೆಗೆಲ್ಲ ಬೀಗ ಹಾಕಿ ನೆಂಟರ ಮದುವೆಗೆ ಎರಡು ದಿನ ದಾವಣಗೆರೆಗೆ ಹೋಗುವುದಕ್ಕೆ 95. ಮನೆ ಸುಟ್ಟುಹೋದ ಕಥೆಯನ್ನು ತಾನೇ ಬರೆದು ಕೇಳಿಸಿಕೊಳ್ಳುವುದಕ್ಕೆ ಮೊದಲು ನೂರು ಕೊಟ್ಟು, ಆಮೇಲೆ 90 ಎಂದು ತಿದ್ದಿದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು, ಏಕೆಂದರೆ ಮನೆಯವರು ಹೆದರುವುದು ಇದಕ್ಕೇ. ಗ್ಯಾಸ್ ಹಚ್ಚಿಟ್ಟು ಹೋಗಿ ಎಂದು ಯಾವ ಚಿಕಿತ್ಸಕರೂ ಹೇಳುವುದಿಲ್ಲ. ಬಳಸದಿರುವಾಗ ರೆಗ್ಯುಲೇಟರ್ ಆಫ್ ಮಾಡುವುದು ಒಳ್ಳೆಯ ಅಭ್ಯಾಸ, ಅದು ಉಳಿಯುತ್ತದೆ. ನಿಯಮ ಇಷ್ಟೇ: ನಾಬ್ ಒಂದು ಸಲ, ರೆಗ್ಯುಲೇಟರ್ ಒಂದು ಸಲ, ಬೇರೆ ಮನೆಗಳಲ್ಲಿ ಜನ ಮಾಡುವ ವೇಗದಲ್ಲಿ. ಮುಟ್ಟಿ ನೋಡುವುದಿಲ್ಲ, ಮೂಸುವುದಿಲ್ಲ, ಎಣಿಸುವುದಿಲ್ಲ, ಯಾರಿಗೂ ತೋರಿಸುವುದಿಲ್ಲ. ನಿಜವಾಗಿ ಗ್ಯಾಸ್ ವಾಸನೆ ತಾನಾಗಿ ಮೂಗಿಗೆ ಬಡಿದರೆ ಯಾರಾದರೂ ಮಾಡುವುದನ್ನೇ ಆಕೆಯೂ ಮಾಡಬೇಕು. ಊರಿನ ಜನ ದಿನವೂ ಹೊತ್ತುಕೊಂಡು ಬದುಕುತ್ತಿರುವ ಅಷ್ಟು ಅಪಾಯವನ್ನು ಈಕೆಯೂ ಹೊರಲು ಕಲಿಯಬೇಕು. ಅದಕ್ಕಿಂತ ಗುಂಜಿಯಷ್ಟೂ ಹೆಚ್ಚಲ್ಲ.

ನಾಲ್ಕನೆಯ ಭೇಟಿ ಶಿಕ್ಷಕಿಯ ಮನೆಯಲ್ಲೇ, ವಿಡಿಯೋ ಕರೆಯ ಮೂಲಕ. ಪರೀಕ್ಷಿಸುವ ಗೀಳು ಆಸ್ಪತ್ರೆಯ ಕೋಣೆಯಲ್ಲಿ ಸುಮ್ಮನಿರುತ್ತದೆ, ಯಾಕೆಂದರೆ ಅಲ್ಲಿಯ ಒಲೆ ನಮ್ಮ ಹೊಣೆಯಲ್ಲ. ಹಾಗಾಗಿ ಮನೆಗೆ ಹೋಗುವುದೋ, ಫೋನಿನಲ್ಲಿ ಜೊತೆಯಿರುವುದೋ ಈ ಬಗೆಯಲ್ಲಿ ಅಗತ್ಯವಾಗುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮೊದಲು ಆಕೆ ಒಂದು ಚೀಟಿಯಲ್ಲಿ ಏನಾಗಬಹುದೆಂದು ಬರೆಯುತ್ತಾರೆ: 'ಹತ್ತು ನಿಮಿಷಕ್ಕೆ ತಲೆ ಕೆಟ್ಟುಹೋಗುತ್ತದೆ. ನಾನು ವಾಪಸ್ ಓಡಿಬರುತ್ತೇನೆ. ಸಂಜೆವರೆಗೂ ಬೇರೆ ಯಾವ ಕೆಲಸವೂ ಆಗುವುದಿಲ್ಲ.' ಹಾಲು ಕಾಯಿಸುತ್ತಾರೆ. ನಾಬ್ ತಿರುಗಿಸುತ್ತಾರೆ, ರೆಗ್ಯುಲೇಟರ್ ತಿರುಗಿಸುತ್ತಾರೆ. ಫೋನನ್ನು ಜೇಬಿಗೆ ಹಾಕಿ, ಇಯರ್‌ಫೋನ್ ಕಿವಿಗಿಟ್ಟು, ಬಾಗಿಲವರೆಗೆ ಬಂದು ನಿಲ್ಲುತ್ತಾರೆ.

"ಮುಟ್ಟಲ್ಲ ಮೇಡಂ, ಇಲ್ಲಿಂದ ಬರೀ ಒಂದ್ಸಲ ನೋಡ್ಲಾ?"

"ಈಗ ಎಷ್ಟಿದೆ?"

"ಎಂಬತ್ತೈದು."

"ಸರಿ. ಎಂಬತ್ತೈದನ್ನೂ ಕರ್ಕೊಂಡೇ ಹೋಗೋಣ. ಬೀಗ ಹಾಕಿ."

ಬೀಗ ಒಂದು ಸಲ, ಎಳೆದು ನೋಡದೆ. ರಸ್ತೆಯ ತಿರುವಿನವರೆಗೆ ಹೋದಾಗ ಆಕೆಯ ದನಿ ನಡುಗುತ್ತಿದೆ. "ಆಫ್ ಆಗಿದೆ ಅಲ್ವಾ ಮೇಡಂ? ನೀವು ನೋಡಿದ್ರಿ." ಇಲ್ಲಿ ಹೌದು ಎಂದರೆ ಚಿಕಿತ್ಸಕಿ ಒಳ್ಳೆಯವರಾಗಿ ಕಾಣುತ್ತಾರೆ, ಚಿಕಿತ್ಸೆ ಕೆಡುತ್ತದೆ. ಅವರು ಹೇಳುವುದು, "ಆಗಿರಬಹುದು, ಆಗದೆಯೂ ಇರಬಹುದು. ನನಗೂ ಖಾತ್ರಿ ಇಲ್ಲ. ಖಾತ್ರಿ ಇಲ್ಲದೆಯೇ ತರಕಾರಿ ಅಂಗಡಿಗೆ ಹೋಗೋಣ." ಹತ್ತು ನಿಮಿಷಕ್ಕೆ ಆತಂಕ 90. ಇಪ್ಪತ್ತೈದಕ್ಕೆ 80. ಬೀನ್ಸ್ ಆರಿಸುತ್ತಾ, ಚಿಲ್ಲರೆ ಎಣಿಸುತ್ತಾ ಇರುವಾಗ 65. ಸುಮಾರು ಒಂದು ಗಂಟೆಗೆ 50ರ ಹತ್ತಿರ. ತಲೆ ಕೆಡಲಿಲ್ಲ. ವಾಪಸ್ ಓಡಬೇಕೆನಿಸಿತು, ಓಡಲಿಲ್ಲ. ತರಕಾರಿ ತಂದದ್ದಾಯಿತು. ಚೀಟಿ ತೆಗೆದು, ಬರೆದದ್ದರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಒಂದೊಂದೇ ನೋಡುತ್ತಾರೆ.

ಅನಾಹುತದ ಭಯವನ್ನು ಆಕೆ ಚೀಟಿಯಲ್ಲಿ ಬರೆದಿರಲಿಲ್ಲ ಎಂಬುದನ್ನು ಗಮನಿಸಿ. ಮನೆ ಸುಡಲಿಲ್ಲ ಎಂದು ಒಂದು ದಿನ ಗೊತ್ತಾದರೂ ನಾಳೆ ಸುಡುವುದಿಲ್ಲ ಎಂದು ಯಾರು ಹೇಳಬಲ್ಲರು? ಹಾಗೆ ಮನೆಗೆ ಬಂದು ಒಲೆ ನೋಡಿ ಸಮಾಧಾನಪಟ್ಟರೆ ಅದೇ ಮತ್ತೊಂದು ಪರೀಕ್ಷೆಯಾಗುತ್ತದೆ. ಆಕೆ ಕಲಿಯಬೇಕಾದದ್ದು ಇನ್ನೊಂದು: ಅನುಮಾನ ಹಾಗೇ ಇದ್ದರೂ ಕೈಕಾಲು ಆಡುತ್ತವೆ, ದಿನ ನಡೆಯುತ್ತದೆ.

ಎದುರಾದಷ್ಟೂ ಆತಂಕ ತಾನಾಗಿ ಇಳಿಯುತ್ತದೆ, ಇಳಿಯುವವರೆಗೆ ಅಲ್ಲೇ ಇರಬೇಕು ಎಂಬುದು ಈ ಚಿಕಿತ್ಸೆಯ ಹಳೆಯ ವಿವರಣೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೆಲವರಿಗೆ ಒಂದೂವರೆ ಗಂಟೆಯಾದರೂ ಆತಂಕ ಹೆಚ್ಚು ಇಳಿಯುವುದಿಲ್ಲ, ಆದರೂ ಕ್ರಮೇಣ ಗುಣ ಕಾಣುತ್ತದೆ. ಅಮೆರಿಕದ ಮಿಶೆಲ್ ಕ್ರಾಸ್ಕ್ ಮತ್ತು ಸಂಗಡಿಗರು ಕೊಡುವ ವಿವರಣೆ ಬೇರೆ. ಹಳೆಯ ಭಯದ ನೆನಪು ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ನೆನಪು ಬೆಳೆಯುತ್ತದೆ, ಮುಂದಿನ ಸಲ ಯಾವುದು ಮೇಲೇಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹೊಸದು ಗಟ್ಟಿಯಾಗಬೇಕಾದರೆ, ನಾನು ಅಂದುಕೊಂಡದ್ದಕ್ಕೂ ನಡೆದದ್ದಕ್ಕೂ ಅಂತರ ಇತ್ತು ಎಂದು ಮನಸ್ಸಿಗೆ ಎದ್ದು ಕಾಣಬೇಕು. ಚೀಟಿ ಬರೆಯುವುದು ಅದಕ್ಕೆ. ಒಂದೇ ಒಲೆ, ಒಂದೇ ಬೆಳಗು ಸಾಲದು ಎನ್ನುವುದೂ ಅದಕ್ಕೇ. ಈ ಶಿಕ್ಷಕಿ ತವರಿಗೆ ಹೋದಾಗ ಅಲ್ಲಿಯ ಒಲೆ ಹಚ್ಚಿ ಆರಿಸಿದರು, ಸ್ಕೂಲಿನ ಬಿಸಿಯೂಟದ ಕೋಣೆಯಲ್ಲಿ ಕಡೆಯವರಾಗಿ ಹೊರಬಂದರು, ನಿದ್ದೆಗೆಟ್ಟ ದಿನವೂ, ಜಗಳವಾಡಿದ ದಿನವೂ ಅದನ್ನೇ ಮಾಡಿದರು.

ಭೇಟಿಗಳು ವಾರಕ್ಕೆ ಒಂದೋ ಎರಡೋ, ಒಂದರಿಂದ ಒಂದೂವರೆ ಗಂಟೆ, ಒಟ್ಟು ಹನ್ನೆರಡರಿಂದ ಇಪ್ಪತ್ತು. ಆದರೆ ಗುಣ ಬರುವುದು ನಡುವಿನ ದಿನಗಳಲ್ಲಿ ಮನೆಯಲ್ಲಿ ಮಾಡುವ ಅಭ್ಯಾಸದಿಂದ. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಅದಕ್ಕೆ ಇಡಬೇಕು.

ಆರನೆಯ ಭೇಟಿಗೆ ಆಕೆ ನಗುತ್ತಾ ಬಂದರು. ಬೀಗ ಹಾಕಿ ಹೊರಟಾಗ 80 ಇದ್ದದ್ದು ಎರಡೇ ನಿಮಿಷಕ್ಕೆ 20ಕ್ಕೆ ಇಳಿಯುತ್ತದೆ, ಈಗ ಸುಲಭವಾಗಿದೆ ಎಂದರು. ಅನುಭವಿ ಚಿಕಿತ್ಸಕಿ ಇಂಥ ಕಡೆ ಖುಷಿಪಡುವ ಮೊದಲು ಅನುಮಾನಪಡುತ್ತಾರೆ. ಆತಂಕ ತಾನಾಗಿ ಇಳಿಯುವಾಗ ನಿಧಾನವಾಗಿ, ಏರಿಳಿತದಲ್ಲಿ ಇಳಿಯುತ್ತದೆ. ಸ್ವಿಚ್ ಒತ್ತಿದಂತೆ ಇಳಿದರೆ ಎಲ್ಲೋ ಸ್ವಿಚ್ ಇದೆ ಎಂದೇ ಅರ್ಥ. "ಗೇಟಿಂದ ರಸ್ತೆವರೆಗೆ ಮನಸ್ಸಲ್ಲಿ ಏನು ನಡೀತಾ ಇತ್ತು?" ಎಂದು ಕೇಳಿದಾಗ ಗೊತ್ತಾಯಿತು. ರೆಗ್ಯುಲೇಟರ್ ತಿರುಗಿಸಿದಾಗ ಬಂದ ಟಕ್ ಎಂಬ ಸದ್ದನ್ನು ಆಕೆ ಮನಸ್ಸಿನಲ್ಲಿ ಮತ್ತೆ ಕೇಳಿಸಿಕೊಳ್ಳುತ್ತಿದ್ದರು. ಕೈ ತಿರುಗಿದ ರೀತಿ, ಬೆರಳಿಗೆ ತಾಗಿದ್ದು, ಸದ್ದು, ಎಲ್ಲವನ್ನೂ ವಿಡಿಯೋ ಓಡಿಸಿದ ಹಾಗೆ. ಕಣ್ಣಿನಿಂದ ನೋಡುವುದನ್ನು ಬಿಟ್ಟಿದ್ದರು, ಮನಸ್ಸಿನಿಂದ ನೋಡುತ್ತಿದ್ದರು. ಹೊರಗಿನವರಿಗೆ ಕಾಣದ ಇಂಥ ಕ್ರಿಯೆಗಳೇ ಈ ಚಿಕಿತ್ಸೆ ಸೋಲಲು ದೊಡ್ಡ ಕಾರಣಗಳಲ್ಲಿ ಒಂದು. ಮಂತ್ರ ಹೇಳಿಕೊಳ್ಳುವುದು, ಒಳ್ಳೆಯ ಯೋಚನೆ ತಂದು ಕೆಟ್ಟದ್ದನ್ನು ಅಳಿಸುವುದು, 'ಮೇಡಂ ಹೇಳಿದ್ದಾರೆ, ಏನೂ ಆಗಲ್ಲ' ಎಂದು ಹೊಣೆಯನ್ನು ಚಿಕಿತ್ಸಕಿಯ ತಲೆಗೆ ಕಟ್ಟುವುದು, ಇವೂ ಅದೇ ಜಾತಿ.

ಮನಸ್ಸಿನ ಕ್ರಿಯೆಯನ್ನು ಕೈ ಕಟ್ಟಿ ತಡೆಯುವಂತಿಲ್ಲ. ಆ ಚಿತ್ರ ಬರಬಾರದು ಎಂದು ಒದ್ದಾಡಿದರೆ ಇನ್ನೂ ಬರುತ್ತದೆ. ಹಾಗಾಗಿ ಅದನ್ನು ಓಡಿಸುವ ಬದಲು ಕೆಡಿಸುವುದನ್ನು ಕಲಿಸುತ್ತಾರೆ. ಟಕ್ ಎಂಬ ಸದ್ದು ನೆನಪಾದ ಕೂಡಲೇ ಆಕೆ ತನಗೆ ತಾನೇ ಹೇಳಿಕೊಳ್ಳಬೇಕಾದದ್ದು: 'ಆ ಸದ್ದು ನಿನ್ನೆಯದಿರಬಹುದು. ಇವತ್ತು ತಿರುಗಿಸದೆಯೇ ಬಂದಿರಬಹುದು.' ಮತ್ತೆ ಆತಂಕ ಏರುತ್ತದೆ. ಆಗ ಅಭ್ಯಾಸ ಮತ್ತೆ ಶುರುವಾದಂತೆ. ತಡೆಯಲಾರದೆ ಹಿಂದೆ ಹೋಗಿ ನಾಬ್ ಮುಟ್ಟಿಬಿಟ್ಟ ದಿನಕ್ಕೂ ಇದೇ ನಿಯಮ. ತಪ್ಪಾಯಿತೆಂದು ಕೂತು ಅಳುವುದಲ್ಲ, ಅಲ್ಲೇ ಒಲೆ ಹಚ್ಚಿ, ಒಮ್ಮೆ ಆರಿಸಿ, ಈ ಸಲ ನೋಡದೆ ಹೊರಡಬೇಕು. ಕಡೆಗೆ ಮನಸ್ಸಿನಲ್ಲಿ ಉಳಿಯುವುದು ನೆಮ್ಮದಿಯಾಗಿರಬಾರದು, ಅನುಮಾನವಾಗಿರಬೇಕು.

ನಿಜವಾಗಿ ಎದುರಾಗಲು ಸಾಧ್ಯವಿಲ್ಲದ ಭಯಕ್ಕೆ ಬರೆದ ಕಥೆಯೇ ದಾರಿ. ಮನೆ ಸುಡುವುದನ್ನು ಅಭ್ಯಾಸ ಮಾಡುವಂತಿಲ್ಲವಲ್ಲ. ಆಕೆ ಒಂದು ಪುಟ ಬರೆದರು, ಈಗ ನಡೆಯುತ್ತಿರುವಂತೆ: ಸ್ಟಾಫ್ ರೂಮಿನಲ್ಲಿ ಫೋನು ಬರುತ್ತದೆ, ಬೀದಿಯಲ್ಲಿ ಫೈರ್ ಎಂಜಿನ್ ನಿಂತಿದೆ, ಪಕ್ಕದ ಮನೆಯಾಕೆ ತನ್ನನ್ನು ನೋಡಿ ಮುಖ ತಿರುಗಿಸುತ್ತಾರೆ, ಅತ್ತೆ "ಒಂದ್ಸಲ ನೋಡಿ ಹೋಗೋಕೆ ಏನಾಗಿತ್ತು ನಿಂಗೆ?" ಎನ್ನುತ್ತಾರೆ. ಮೊದಲ ಕರಡಿನ ಕೊನೆಗೆ ಎಲ್ಲರೂ ಬದುಕಿದರು ಎಂದಿತ್ತು. ಚಿಕಿತ್ಸಕಿ ಆ ಸಾಲು ತೆಗೆಸಿದರು. ತನ್ನದೇ ದನಿಯಲ್ಲಿ ಮೊಬೈಲಿಗೆ ರೆಕಾರ್ಡ್ ಮಾಡಿ ದಿನವೂ ಅರ್ಧ ಗಂಟೆ ಕೇಳಬೇಕು. ಮೊದಲ ದಿನ ಪೂರ್ತಿ ಕೇಳಲಾಗದೆ ನಿಲ್ಲಿಸಿದರು. ಎರಡನೆಯ ವಾರದ ಹೊತ್ತಿಗೆ ಅದನ್ನು ಕೇಳುತ್ತಲೇ ಉತ್ತರಪತ್ರಿಕೆ ತಿದ್ದುವಂತಾಯಿತು. ಕೇಳಿಸಿಕೊಳ್ಳುವಾಗ ಬೇರೆ ಕೆಲಸ ಮಾಡಬಾರದೆಂದು ಆಗ ಹೊಸ ನಿಯಮ ಹಾಕಬೇಕಾಯಿತು.

ಇನ್ನು ಮನೆಯವರು. "ಮಾಡಿದೀಯ ಮಾರಾಯ್ತಿ" ಎನ್ನುವ ಗಂಡ ಪ್ರೀತಿಯಿಂದಲೇ ಅನ್ನುತ್ತಾನೆ, ಆದರೆ ಆ ಮಾತು ನಾಬ್ ಮುಟ್ಟಿದಂತೆಯೇ ಕೆಲಸ ಮಾಡುತ್ತದೆ. ಗೀಳು ಇರುವ ಮನೆಗಳಲ್ಲಿ ಇಂಥ ಸಹಕಾರ ಬಹಳ ಸಾಮಾನ್ಯ, ಹೆಚ್ಚಿದಷ್ಟೂ ಕಾಯಿಲೆಯೂ ಜೋರಾಗಿರುತ್ತದೆ. ನಮ್ಮ ಕೂಡು ಮನೆಗಳಲ್ಲಿ ಉತ್ತರ ಕೊಡುವವರು ಒಬ್ಬರಲ್ಲ, ಮೂವರು ನಾಲ್ವರು ಇರುತ್ತಾರೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಕೊಡುತ್ತಾರೆ. ಆದ್ದರಿಂದ ಒಂದು ಭೇಟಿಗೆ ಗಂಡ ಮತ್ತು ಅತ್ತೆ ಇಬ್ಬರನ್ನೂ ಕರೆಸುತ್ತಾರೆ. ಆಕೆಯ ಎದುರಿನಲ್ಲೇ, ಆಕೆಯ ಒಪ್ಪಿಗೆಯಿಂದಲೇ ಒಂದು ಮಾತು ಗೊತ್ತುಮಾಡುತ್ತಾರೆ. ಆಕೆ ಕೇಳಿದಾಗ ಗಂಡ ಹೇಳಬೇಕಾದದ್ದು, "ಇದು ಗೀಳು ಕೇಳ್ತಿರೋ ಪ್ರಶ್ನೆ. ನಾವು ಮಾತಾಡ್ಕೊಂಡ ಹಾಗೆ ಇದಕ್ಕೆ ಉತ್ತರ ಕೊಡಲ್ಲ. ಕಷ್ಟ ಆಗ್ತಿದೆ ಅಂತ ಗೊತ್ತು." ಗೊತ್ತುಮಾಡಿಕೊಳ್ಳದೆ ಒಂದು ಬೆಳಿಗ್ಗೆ ಏಕಾಏಕಿ ಬಾಯಿ ಮುಚ್ಚಿಕೊಂಡರೆ ಅದು ಚಿಕಿತ್ಸೆಯಲ್ಲ, ಶಿಕ್ಷೆ. ಗದರುವುದೂ ಹಾಗೆಯೇ. ಅತ್ತೆಗೆ ಇದು ಒಗ್ಗಲು ವಾರಗಳೇ ಬೇಕಾದವು. ಸೊಸೆಯ ಕಣ್ಣಲ್ಲಿ ನೀರು ನೋಡಿಯೂ "ಆಫ್ ಆಗಿದೆ ಕಣಮ್ಮ" ಎನ್ನದೆ ಇರುವುದು ಆ ಹಿರಿಯ ಜೀವಕ್ಕೆ ನಿಜವಾಗಿಯೂ ಕಷ್ಟ.

ಕಡೆಯ ಭೇಟಿಗಳಲ್ಲಿ ಚಿಕಿತ್ಸಕಿ ತಾವೇ ಹಿಂದೆ ಸರಿಯುತ್ತಾರೆ. ಕಿವಿಯಲ್ಲಿ ಅವರ ದನಿ ಇದೆ ಎಂಬುದೇ ಒಂದು ಆಸರೆ. ದಾವಣಗೆರೆಯ ಮದುವೆಗೆ ಶಿಕ್ಷಕಿ ಹೋದದ್ದು ಯಾವಾಗ ಎಂಬುದನ್ನು ಚಿಕಿತ್ಸಕಿಗೆ ಮುಂಚೆ ತಿಳಿಸದೆ. ಹೊಣೆ ಪೂರ್ತಿ ತನ್ನದಾಗಬೇಕೆಂಬ ಕಾರಣಕ್ಕೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯ ದಿನ ಊಟದ ಹೊತ್ತಿಗೆ ಒಲೆಯ ನೆನಪೇ ಇರಲಿಲ್ಲ, ಆಮೇಲೆ ನೆನಪಾಗಿ, ಇಷ್ಟು ಹೊತ್ತು ಮರೆತಿದ್ದೆನಲ್ಲ ಎಂದು ಗಾಬರಿಯಾಯಿತು. ಈ ಗಾಬರಿಯೂ ಗೀಳಿನದೇ, ಅದಕ್ಕೂ ಉತ್ತರ ಕೊಡದೆ ಪಂಕ್ತಿಯಲ್ಲಿ ಕೂತರು.

ಕೊನೆಗೆ ಆಕೆಯ ಅಂಕ 26ರಿಂದ 11ಕ್ಕೆ ಬಂತು. ಸೊನ್ನೆಗೆ ಬರಲಿಲ್ಲ, ಸಾಮಾನ್ಯವಾಗಿ ಬರುವುದೂ ಇಲ್ಲ. ಈ ಮಾಪಕದಲ್ಲಿ ನೂರಕ್ಕೆ 35ರಷ್ಟು ಇಳಿದರೆ ಚಿಕಿತ್ಸೆಗೆ ಗುಣ ಕಂಡಿತು ಎಂದು ಲೆಕ್ಕ. ಎಲ್ಲರಿಗೂ ಅಷ್ಟೂ ಆಗುವುದಿಲ್ಲ. ಎಡ್ನಾ ಫೋವಾ ಮತ್ತು ಸಂಗಡಿಗರು ಅಮೆರಿಕದಲ್ಲಿ ವಯಸ್ಕರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಆರ್‌ಪಿ ಆರಂಭಿಸಿದವರಲ್ಲಿ ನೂರಕ್ಕೆ 60ರಷ್ಟು ಮಂದಿಗೆ ಒಳ್ಳೆಯ ಗುಣ ಕಂಡಿತ್ತು, ಕ್ಲೋಮಿಪ್ರಮಿನ್ ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಸುಮಾರು 40. ಕೆಲವರು ಚಿಕಿತ್ಸೆಯ ಸ್ವರೂಪ ಕೇಳಿಯೇ ಬೇಡವೆನ್ನುತ್ತಾರೆ, ಕೆಲವರು ನಡುವೆ ಬಿಡುತ್ತಾರೆ. ತೀವ್ರ ಖಿನ್ನತೆ ಜೊತೆಗಿದ್ದರೆ ಹಾಸಿಗೆಯಿಂದ ಏಳುವುದೇ ಸಾಧ್ಯವಾಗದಿರುವಾಗ ಭಯವನ್ನು ಎದುರಿಸು ಎಂದರೆ ಆಗದು, ಮೊದಲು ಖಿನ್ನತೆಯನ್ನು ನೋಡಬೇಕು. ಒಲೆ ಉರಿಯುತ್ತಿದೆ ಎಂಬುದನ್ನು ಅನುಮಾನವಾಗಿ ಅಲ್ಲ, ಸತ್ಯವೆಂದೇ ನಂಬಿದವರಲ್ಲಿ ಕೆಲಸ ನಿಧಾನ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳು ಇಂಥ ಕಡೆ ನೆರವಾಗುತ್ತವೆ. ಗೀಳಿಗೆ ಅವು ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗಬಹುದು, ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಕಾಯಬೇಕು. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು.

ನಮ್ಮಲ್ಲಿ ಇರುವ ದೊಡ್ಡ ತೊಡಕು ಈ ಚಿಕಿತ್ಸೆಯಲ್ಲಿ ತರಬೇತಿ ಪಡೆದವರ ಕೊರತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಮೀಸಲಾದ ಕ್ಲಿನಿಕ್ ಇದೆ. ಉಳಿದ ಊರುಗಳಲ್ಲಿ ಮಾತ್ರೆ ಬರೆಯುವ ವೈದ್ಯರು ಸಿಗುತ್ತಾರೆ, ಇಆರ್‌ಪಿ ಮಾಡಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಸುಲಭವಾಗಿ ಸಿಗುವುದಿಲ್ಲ. ಕೌನ್ಸೆಲಿಂಗ್ ಎಂಬ ಹೆಸರಿನಲ್ಲಿ ವಾರವಾರವೂ ಕೂತು, ಗ್ಯಾಸ್ ಸೋರುವ ಸಂಭವ ಎಷ್ಟು ಕಡಿಮೆ ಎಂದು ಸಮಾಧಾನ ಹೇಳಿ ಕಳಿಸಿದರೆ ಗೀಳಿಗೆ ಇನ್ನೊಬ್ಬ ಉತ್ತರ ಕೊಡುವವರು ಸಿಕ್ಕಂತೆ ಆಗುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ಭಯದ ಸಂದರ್ಭಗಳ ಪಟ್ಟಿ ಮಾಡಿ ಅವನ್ನು ನನ್ನಿಂದ ಎದುರಿಸುವಂತೆ ಮಾಡಿಸುತ್ತೀರಾ? ಮೊದಲ ಕೆಲವು ಸಲ ನೀವು ಜೊತೆಗಿರುತ್ತೀರಾ? ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ? ಮೂರಕ್ಕೂ ಹೌದು ಎಂದರೆ ನೀವು ಸರಿಯಾದ ಬಾಗಿಲಿಗೆ ಬಂದಿದ್ದೀರಿ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಚಿಕಿತ್ಸೆ ಮುಗಿದ ಮೇಲೂ ಗೀಳು ಮರುಕಳಿಸುವ ಹೊತ್ತುಗಳಿವೆ: ಹೊಸ ಮನೆಗೆ ಹೋದಾಗ, ಬಾಣಂತನದಲ್ಲಿ, ಪರೀಕ್ಷೆಯ ಒತ್ತಡದಲ್ಲಿ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ. ಕಡೆಯ ಭೇಟಿಯಲ್ಲಿ ಆ ಶಿಕ್ಷಕಿ ಇಂಥ ಹೊತ್ತಿಗೆಂದೇ ಒಂದು ಹಾಳೆ ಬರೆದಿಟ್ಟುಕೊಂಡರು. ಮೊದಲ ಗುರುತು, ಮೊಬೈಲಿನಲ್ಲಿ ಒಲೆಯ ಫೋಟೋ ಮತ್ತೆ ಕಾಣಿಸಿಕೊಳ್ಳುವುದು. ಕಾಣಿಸಿದ ದಿನವೇ ಅಳಿಸಬೇಕು, ಮರುದಿನ ಬೆಳಿಗ್ಗೆ ಹಾಲು ಕಾಯಿಸಿ, ಒಮ್ಮೆ ಆರಿಸಿ, ಎಲ್ಲರಿಗಿಂತ ಕಡೆಯಲ್ಲಿ ಹೊರಡಬೇಕು. ಎರಡು ವಾರ ಹೀಗೆ ಮಾಡಿಯೂ ಹಿಡಿತಕ್ಕೆ ಬರದಿದ್ದರೆ ಮತ್ತೆ ಚಿಕಿತ್ಸಕಿಯನ್ನು ಕಾಣಬೇಕು.